ಮದುವೆ ಸಾಲ: ಒಡವೆ ಇಟ್ಟರೆ ಎಷ್ಟು, ಸಂಬಳ ತೋರಿಸಿದರೆ ಎಷ್ಟು?

ಬ್ಯಾಂಕಿನ ಒಂದು ಮೇಜಿನಲ್ಲಿ ಚಿನ್ನದ ಮೇಲಿನ ಸಾಲಕ್ಕೆ ವರ್ಷಕ್ಕೆ ಶೇ 10 ಬಡ್ಡಿ. ಪಕ್ಕದ ಮೇಜಿನಲ್ಲಿ ವೈಯಕ್ತಿಕ ಸಾಲಕ್ಕೆ, ಅಂದರೆ ಪರ್ಸನಲ್ ಲೋನ್‌ಗೆ, ಶೇ 13. ಮಗಳ ಮದುವೆಗೆ ನಾಲ್ಕು ಲಕ್ಷ ರೂಪಾಯಿ ಕಡಿಮೆ ಬಿದ್ದಿರುವ ಅಪ್ಪನಿಗೆ ಯಾವ ಮೇಜಿನ ಮುಂದೆ ಕೂರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ ಅನ್ನಿಸುತ್ತದೆ. ಆದರೆ ಮೂರು ವರ್ಷ ಕಳೆದ ಮೇಲೆ ಕೂತು ಲೆಕ್ಕ ಹಾಕಿದರೆ, ಶೇ 10ರ ಸಾಲಕ್ಕೆ ಆದ ಖರ್ಚು 1,29,000 ರೂಪಾಯಿ, ಶೇ 13ರ ಸಾಲಕ್ಕೆ ಆದದ್ದು ಸುಮಾರು 94,600 ರೂಪಾಯಿ ಆಗಿರಬಹುದು. ಬಡ್ಡಿ ಕಡಿಮೆಯಿದ್ದ ಸಾಲವೇ 34,000 ರೂಪಾಯಿ ದುಬಾರಿ.

ಇಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ, ಮುಚ್ಚಿಟ್ಟ ಶುಲ್ಕವೂ ಇಲ್ಲ. ಒಂದು ಸಾಲದಲ್ಲಿ ಅಸಲು ತಿಂಗಳು ತಿಂಗಳೂ ಕರಗುತ್ತಾ ಹೋಯಿತು. ಇನ್ನೊಂದರಲ್ಲಿ ಅದು ಮೂರು ವರ್ಷವೂ ಇದ್ದಷ್ಟೇ ಇತ್ತು. ಮದುವೆಗೆ ಸಾಲ ಮಾಡುವ ಮನೆಗಳಲ್ಲಿ ಬಡ್ಡಿ ದರದ ಬಗ್ಗೆ ನಡೆಯುವಷ್ಟು ಚರ್ಚೆ ಅಸಲು ಹೇಗೆ ತೀರುತ್ತದೆ ಎಂಬುದರ ಬಗ್ಗೆ ನಡೆಯುವುದಿಲ್ಲ. ಒಟ್ಟು ಖರ್ಚನ್ನು ತೀರ್ಮಾನಿಸುವುದು ಮಾತ್ರ ಅದೇ.

ಲೆಕ್ಕ ಕೈಗೆ ಸಿಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅರಸೀಕೆರೆ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ಪ್ರತಿ ತಿಂಗಳು ಸಂಬಳ ಬರುತ್ತದೆ, ಊರಿನಲ್ಲಿ ಸ್ವಲ್ಪ ತೆಂಗಿನ ತೋಟವಿದೆ, ಹೆಂಡತಿಯ ಬಳಿ ಒಡವೆಗಳಿವೆ. ಮಗಳ ಮದುವೆ ವೈಶಾಖಕ್ಕೆ ನಿಶ್ಚಯವಾಗಿದೆ. ಉಳಿತಾಯವೆಲ್ಲ ಸೇರಿದ ಮೇಲೂ ಛತ್ರ, ಅಡುಗೆಯವರು, ಜವಳಿ, ಬೀಗರ ಉಪಚಾರ ಎಂದು ನಾಲ್ಕು ಲಕ್ಷ ಕಡಿಮೆ ಬಿದ್ದಿದೆ. "ಮನೆಯಲ್ಲೇ ಚಿನ್ನ ಇಟ್ಕೊಂಡು ಜಾಸ್ತಿ ಬಡ್ಡಿಗೆ ಯಾಕೆ ಹೋಗ್ತೀರಿ ಭಾವ?" ಎಂದು ಹೆಂಡತಿಯ ತಮ್ಮ ಕೇಳುತ್ತಾನೆ. ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಮಾತ್ರ ಸ್ವಲ್ಪ ಕಾಗದ, ಪೆನ್ನು ಬೇಕು.

ಸಂಬಳದ ಮೇಲಿನ ಸಾಲದ ಲೆಕ್ಕ

ವೈಯಕ್ತಿಕ ಸಾಲಕ್ಕೆ ಯಾವ ಅಡಮಾನವೂ ಇಲ್ಲ. ಬ್ಯಾಂಕ್ ನಂಬುವುದು ಸಂಬಳದ ಚೀಟಿಯನ್ನು, ಖಾತೆಯ ವಹಿವಾಟನ್ನು, ಸಿಬಿಲ್ ಸ್ಕೋರನ್ನು. ಸಾಲ ಮುಳುಗಿದರೆ ಮಾರಿಕೊಳ್ಳಲು ಏನೂ ಇಲ್ಲದ್ದರಿಂದ ಬಡ್ಡಿ ಹೆಚ್ಚು. ಒಳ್ಳೆಯ ಸ್ಕೋರಿರುವ ಸರ್ಕಾರಿ ನೌಕರನಿಗೆ ಶೇ 11ರ ಆಸುಪಾಸಿನಲ್ಲಿ ಸಿಗುವ ಸಾಲ, ಸಣ್ಣ ಖಾಸಗಿ ಕಂಪನಿಯ ನೌಕರನಿಗೆ ಶೇ 18 ದಾಟಬಹುದು. ನಮ್ಮ ಮೇಷ್ಟ್ರಿಗೆ ಶೇ 13 ಎಂದಿಟ್ಟುಕೊಳ್ಳೋಣ.

ನಾಲ್ಕು ಲಕ್ಷಕ್ಕೆ 36 ತಿಂಗಳ ಕಂತು 13,478 ರೂಪಾಯಿ ಬರುತ್ತದೆ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಗೆ ಹೋಗುವುದು 4,333 ರೂಪಾಯಿ, ಉಳಿದ 9,145 ರೂಪಾಯಿ ಅಸಲಿಗೆ ಜಮೆ. ಎರಡನೆಯ ತಿಂಗಳ ಬಡ್ಡಿ ಈ ಕಡಿಮೆಯಾದ ಅಸಲಿನ ಮೇಲೆ ಬೀಳುತ್ತದೆ. ಹೀಗೆ ಪ್ರತಿ ತಿಂಗಳೂ ಬಡ್ಡಿಯ ಪಾಲು ಇಳಿಯುತ್ತಾ, ಅಸಲಿನ ಪಾಲು ಏರುತ್ತಾ ಹೋಗಿ ಮೂರು ವರ್ಷಕ್ಕೆ ಸಾಲ ಸೊನ್ನೆಯಾಗುತ್ತದೆ. ಅಷ್ಟರಲ್ಲಿ ಕಟ್ಟಿದ ಒಟ್ಟು ಬಡ್ಡಿ 85,193 ರೂಪಾಯಿ.

ಇದರ ಮೇಲೆ ಪ್ರೊಸೆಸಿಂಗ್ ಶುಲ್ಕವಿದೆ. ಶೇ 2 ಎಂದರೆ 8,000, ಅದಕ್ಕೆ ಶೇ 18 ಜಿಎಸ್‌ಟಿ 1,440, ಒಟ್ಟು 9,440 ರೂಪಾಯಿ. ಸಾಮಾನ್ಯವಾಗಿ ಇದನ್ನು ಮೊದಲೇ ಮುರಿದುಕೊಳ್ಳುವುದರಿಂದ ಖಾತೆಗೆ ಬರುವುದು 3,90,560 ರೂಪಾಯಿ ಮಾತ್ರ. ಬಡ್ಡಿ ಕಟ್ಟುವುದು ಪೂರ್ತಿ ನಾಲ್ಕು ಲಕ್ಷಕ್ಕೆ. ಎರಡೂ ಸೇರಿ ಒಟ್ಟು ಖರ್ಚು 94,633 ರೂಪಾಯಿ. ಶುಲ್ಕವನ್ನೂ ಸೇರಿಸಿ ನೋಡಿದರೆ ಶೇ 13ರ ಸಾಲ ನಿಜಕ್ಕೂ ಸುಮಾರು ಶೇ 14.7ರ ಸಾಲ. ಸಾಲದ ಜೊತೆ ವಿಮೆಯನ್ನೂ ಸೇರಿಸಿಬಿಟ್ಟಿದ್ದರೆ ಇನ್ನೂ ಮೇಲೆ ಹೋಗುತ್ತದೆ. ವಿಮೆ ಬೇಕೇ ಬೇಡವೇ ಎಂಬುದು ಸಾಲ ತೆಗೆದುಕೊಳ್ಳುವವರ ಆಯ್ಕೆ. ಅರ್ಜಿಯ ಕೊನೆಯ ಪುಟಗಳಲ್ಲಿ ಆ ಖಾನೆಗೆ ಟಿಕ್ ಬಿದ್ದಿದೆಯೇ ಎಂದು ನೋಡಿಯೇ ಸಹಿ ಹಾಕಬೇಕು.

ಫೋನಿನಲ್ಲಿ ಸಾಲ ಮಾರುವವರು ಕೆಲವೊಮ್ಮೆ "ಬರೀ ಏಳು ಪರ್ಸೆಂಟ್ ಸಾರ್, ಒಡವೆ ಸಾಲಕ್ಕಿಂತ ಕಮ್ಮಿ" ಅನ್ನುವುದುಂಟು. ಅದು ಫ್ಲಾಟ್ ದರ. ಅಂದರೆ ಕಂತು ಕಟ್ಟುತ್ತಾ ಅಸಲು ಎಷ್ಟೇ ಇಳಿದರೂ, ಮೂರು ವರ್ಷವೂ ಪೂರ್ತಿ ನಾಲ್ಕು ಲಕ್ಷಕ್ಕೇ ಬಡ್ಡಿ ಹಾಕುವ ಲೆಕ್ಕ. ನಾಲ್ಕು ಲಕ್ಷಕ್ಕೆ ಶೇ 7.1 ಫ್ಲಾಟ್ ಎಂದರೆ ಮೂರು ವರ್ಷಕ್ಕೆ 85,200 ರೂಪಾಯಿ. ಮೇಲಿನ ಶೇ 13ರ ಸಾಲದ ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಸಾಲಕ್ಕೆ ಎರಡು ಹೆಸರು.

ಒಡವೆಯ ಪೆಟ್ಟಿಗೆ ಬಿಚ್ಚಿದಾಗ

ಚಿನ್ನದ ಸಾಲದಲ್ಲಿ ಮೊದಲು ಒಡವೆಯನ್ನು ತೂಗುತ್ತಾರೆ, ಬಡ್ಡಿಯ ಮಾತು ಆಮೇಲೆ. ಬ್ಯಾಂಕಿನ ಅಪ್ರೈಸರ್, ಬಹಳ ಕಡೆ ಊರಿನ ಅಕ್ಕಸಾಲಿಗರೇ, ಬಳೆಯನ್ನು ಒರೆಗಲ್ಲಿಗೆ ಉಜ್ಜಿ, ಮೂಡಿದ ಗೆರೆಗೆ ಆಸಿಡ್ ಮುಟ್ಟಿಸಿ ಬಣ್ಣ ನೋಡುತ್ತಾರೆ. ದೊಡ್ಡ ಶಾಖೆಗಳಲ್ಲಿ ಕ್ಯಾರೆಟ್ ಮೀಟರ್ ಇರುತ್ತದೆ. ಆಮೇಲೆ ತೂಕದಿಂದ ಕಳೆಯುವ ಕೆಲಸ. ನೆಕ್ಲೇಸಿನ ಹರಳು, ಓಲೆಯ ಮುತ್ತು, ಕರಿಮಣಿ, ಟೊಳ್ಳು ಬಳೆಯೊಳಗೆ ತುಂಬಿದ ಅರಗು, ಇವು ಯಾವುವೂ ಚಿನ್ನವಲ್ಲ. ಮನೆಯಲ್ಲಿ 60 ಗ್ರಾಂ ಎಂದುಕೊಂಡು ತಂದದ್ದು ನಿವ್ವಳ 55 ಗ್ರಾಂಗೆ ಇಳಿಯಬಹುದು. ಅಜ್ಜಿಯ ಕಾಲದ ಸರ 22 ಕ್ಯಾರೆಟ್‌ಗಿಂತ ಕಡಿಮೆಯದಾಗಿದ್ದರೆ ಬೆಲೆಯೂ ಆ ಪ್ರಮಾಣದಲ್ಲಿ ಕಡಿಮೆ. ಕೊಂಡಾಗ ಕೊಟ್ಟ ಮಜೂರಿ, ವೇಸ್ಟೇಜ್ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನ, ಬೆಳ್ಳಿಯ ಮೇಲಿನ ಸಾಲಕ್ಕೆ ಹೊಸ ನಿರ್ದೇಶನಗಳನ್ನು ಹೊರಡಿಸಿ, ಜಾರಿಗೆ 2026ರ ಏಪ್ರಿಲ್ 1ರ ಗಡುವು ಕೊಟ್ಟಿತು. ಅದರ ಪ್ರಕಾರ ಒಡವೆಗೆ ಬೆಲೆ ಕಟ್ಟುವುದು ಅಂಗಡಿಯ ಬೋರ್ಡಿನ ದರದಲ್ಲಿ ಅಲ್ಲ. ಹಿಂದಿನ 30 ದಿನಗಳ ಸರಾಸರಿ ದರ, ಹಿಂದಿನ ದಿನದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಚಿನ್ನ ಏರುತ್ತಿರುವಾಗ "ಅಂಗಡಿಯಲ್ಲಿ ಇಷ್ಟಿದೆ, ಇಲ್ಲಿ ಯಾಕೆ ಕಡಿಮೆ?" ಎಂಬ ಜಗಳ ಹುಟ್ಟುವುದು ಇಲ್ಲಿಂದಲೇ. ಪರೀಕ್ಷೆ ನಡೆಯುವಾಗ ಸಾಲಗಾರರು ಎದುರಿಗಿರಬೇಕು ಎಂಬ ನಿಯಮವೂ ಇದೆ. ಆದ್ದರಿಂದ ಕಳೆದ ಪ್ರತಿ ಗ್ರಾಂಗೂ ಕಾರಣ ಅಲ್ಲೇ ಕೇಳಬಹುದು.

ಆ ಬೆಲೆಯ ಎಷ್ಟು ಪಾಲು ಸಾಲ ಸಿಗುತ್ತದೆ ಎಂಬುದಕ್ಕೂ ಮಿತಿಯಿದೆ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಶೇ 85, ಅದರ ಮೇಲೆ ಐದು ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ನಾಲ್ಕು ಲಕ್ಷ ಬೇಕಿರುವ ಮೇಷ್ಟ್ರಿಗೆ ಶೇ 80ರ ಲೆಕ್ಕ. ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದುಕೊಂಡರೆ, ತಿಂಗಳ ಕಂತಿನ ಚಿನ್ನದ ಸಾಲಕ್ಕೆ ಐದು ಲಕ್ಷದ ಒಡವೆ, ಅಂದರೆ ನಿವ್ವಳ 50 ಗ್ರಾಂ ಸಾಕು. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಆ ಬಡ್ಡಿಯನ್ನೂ ಮಿತಿಯೊಳಗೆ ತರಬೇಕು. 4,40,000 ರೂಪಾಯಿ ಶೇ 80 ಆಗಬೇಕಾದರೆ ಐದೂವರೆ ಲಕ್ಷದ ಒಡವೆ, ಅಂದರೆ 55 ಗ್ರಾಂ ಬೇಕು.

ಅಸಲು ಅಲ್ಲೇ ಕೂತರೆ

ಈ ಎರಡನೆಯ ಬಗೆಯ ಸಾಲವನ್ನೇ ಬ್ಯಾಂಕಿನವರು ಬುಲೆಟ್ ಎನ್ನುತ್ತಾರೆ. ಹನ್ನೆರಡು ತಿಂಗಳವರೆಗೆ ಏನನ್ನೂ ಕಟ್ಟಬೇಕಿಲ್ಲ, ಕೊನೆಗೆ ಒಟ್ಟಿಗೆ ತೀರಿಸಿ ಒಡವೆ ಬಿಡಿಸಿಕೊಳ್ಳುವುದು. ಬೆಳೆ ಬಂದಾಗ ಮಾತ್ರ ದುಡ್ಡು ನೋಡುವ ಮನೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಒಡವೆ ಸಾಲ ಎಂದರೆ ಹಳ್ಳಿಗಳಲ್ಲಿ ಬಹುತೇಕರ ಮನಸ್ಸಿಗೆ ಬರುವುದೂ ಇದೇ.

ಒಂದು ವರ್ಷಕ್ಕೆ ತೀರಿಸಿದರೆ ಲೆಕ್ಕ ಚೆನ್ನಾಗಿದೆ. ಶೇ 10ರಂತೆ ಬಡ್ಡಿ 40,000 ರೂಪಾಯಿ. ಪ್ರೊಸೆಸಿಂಗ್, ಅಪ್ರೈಸರ್ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ 3,000 ಎಂದುಕೊಂಡರೆ ಒಟ್ಟು 43,000. ಆದರೆ ಮದುವೆಯಾದ ವರ್ಷವೇ ನಾಲ್ಕು ಲಕ್ಷ ಅಸಲು ಒಟ್ಟಿಗೆ ಹೊಂದಿಸುವುದು ಸಂಬಳದ ಮನೆಗೆ ಎಲ್ಲಿಂದ ಸಾಧ್ಯ? ಮೊದಲ ಹಬ್ಬ, ಬಾಗಿನ, ಸೀಮಂತ ಎಂದು ಖರ್ಚು ಮುಂದುವರಿಯುತ್ತಲೇ ಇರುತ್ತದೆ. ವರ್ಷದ ಕೊನೆಗೆ 40,000 ಬಡ್ಡಿ ಹೊಂದಿಸಿ ಕಟ್ಟಿ ಸಾಲ ನವೀಕರಿಸುತ್ತಾರೆ. ಹೊಸ ನಿರ್ದೇಶನದಂತೆ ಆ ಬಡ್ಡಿ ಕಟ್ಟದೆ ಬುಲೆಟ್ ಸಾಲವನ್ನು ನವೀಕರಿಸುವಂತೆಯೂ ಇಲ್ಲ. ಹೀಗೆ ಮೂರು ವರ್ಷ ನಡೆದರೆ ಬಡ್ಡಿ 1,20,000, ಮೂರು ಸಲದ ಶುಲ್ಕ 9,000, ಒಟ್ಟು 1,29,000 ರೂಪಾಯಿ. ಅಷ್ಟೆಲ್ಲ ಕಟ್ಟಿದ ಮೇಲೂ ನಾಲ್ಕು ಲಕ್ಷ ಅಸಲು ಹಾಗೇ ನಿಂತಿರುತ್ತದೆ, ಒಡವೆ ಬ್ಯಾಂಕಿನ ಲಾಕರಿನಲ್ಲೇ ಇರುತ್ತದೆ.

ಈ 1,20,000 ರೂಪಾಯಿ ಬಡ್ಡಿಯನ್ನು ಇನ್ನೊಂದು ಬಗೆಯಲ್ಲಿ ಅಳೆದು ನೋಡಬಹುದು. ನಾಲ್ಕು ಲಕ್ಷವನ್ನು ಮೂರು ವರ್ಷದ ತಿಂಗಳ ಕಂತಿನಲ್ಲಿ ತೀರಿಸುವ ವೈಯಕ್ತಿಕ ಸಾಲಕ್ಕೆ ಅಷ್ಟೇ ಬಡ್ಡಿ ಬೀಳಬೇಕಾದರೆ ದರ ಶೇ 18 ಇರಬೇಕು. ಅಂದರೆ ರೂಪಾಯಿ ಲೆಕ್ಕದಲ್ಲಿ, ಮೂರು ವರ್ಷ ನವೀಕರಿಸುತ್ತಾ ಹೋದ ಶೇ 10ರ ಬುಲೆಟ್ ಸಾಲವೂ ಶೇ 18ರ ಕಂತಿನ ಸಾಲವೂ ಒಂದೇ.

ಬುಲೆಟ್ ಸಾಲದಲ್ಲಿ ತಿಂಗಳ ಹಣ ಕೈಯಲ್ಲೇ ಉಳಿಯುತ್ತದಲ್ಲ, ಅದಕ್ಕೆ ಬೆಲೆಯಿಲ್ಲವೇ ಎಂದು ಯಾರಾದರೂ ಕೇಳಬಹುದು. ಬೆಲೆ ಇದೆ, ಆ ಹಣ ಖರ್ಚಾಗದೆ ಉಳಿದಿದ್ದರೆ. ಮೇಷ್ಟ್ರು ಪ್ರತಿ ತಿಂಗಳು ಕಂತಿನಷ್ಟೇ ಹಣವನ್ನು ಆರ್‌ಡಿಗೆ ಹಾಕುತ್ತಾ ಬಂದರೆ ಮೂರು ವರ್ಷಕ್ಕೆ ಅಸಲು ಸಿದ್ಧವಿರುತ್ತದೆ. ಆದರೆ ಆರ್‌ಡಿಯಲ್ಲಿ ಶೇ 6 ಅಥವಾ 7 ದುಡಿಯುವ ಹಣವನ್ನು ಶೇ 10ರ ಸಾಲಕ್ಕೇ ಕಟ್ಟಿದರೆ ಇನ್ನೂ ಲಾಭ.

ಅದೇ ಚಿನ್ನ, ತಿಂಗಳ ಕಂತು

ಬಹಳ ಜನ ಕೇಳದೇ ಬಿಡುವ ಆಯ್ಕೆ ಇದು. ಚಿನ್ನದ ಸಾಲವನ್ನೂ ತಿಂಗಳ ಕಂತಿನಲ್ಲಿ ತೀರಿಸಬಹುದು. ಇಂಥ ಯೋಜನೆ ಅನೇಕ ಬ್ಯಾಂಕುಗಳಲ್ಲಿದೆ. ಶೇ 10ರಂತೆ ನಾಲ್ಕು ಲಕ್ಷಕ್ಕೆ 36 ತಿಂಗಳ ಕಂತು 12,907 ರೂಪಾಯಿ. ಒಟ್ಟು ಬಡ್ಡಿ 64,647. ಶುಲ್ಕ 3,000 ಸೇರಿ 67,600 ರೂಪಾಯಿ ಚಿಲ್ಲರೆ. ವೈಯಕ್ತಿಕ ಸಾಲಕ್ಕಿಂತ ಸುಮಾರು 27,000 ಉಳಿತಾಯ, ನವೀಕರಿಸುತ್ತಾ ಹೋದ ಬುಲೆಟ್ ಸಾಲಕ್ಕಿಂತ ಸುಮಾರು 61,000 ಉಳಿತಾಯ. ಅದೇ ಬ್ಯಾಂಕು, ಅದೇ ಒಡವೆ, ಅದೇ ಬಡ್ಡಿ ದರ.

ಕಂತಿನ ಯೋಜನೆ ಇಲ್ಲದ ಶಾಖೆಯಲ್ಲೂ ಇದರ ಹತ್ತಿರ ಬರುವ ದಾರಿ ಉಂಟು. ಸಾಮಾನ್ಯವಾಗಿ ಬುಲೆಟ್ ಸಾಲದ ಖಾತೆಗೆ ನಡುವೆ ಎಷ್ಟು ಬೇಕಾದರೂ ಕಟ್ಟಬಹುದು, ಕಟ್ಟಿದ ದಿನದಿಂದ ಉಳಿದ ಅಸಲಿಗಷ್ಟೇ ಬಡ್ಡಿ. ಕೇಳಬೇಕಾದ ಪ್ರಶ್ನೆ ಎರಡು: ನಡುವೆ ಕಟ್ಟಿದ ಹಣ ಆಗಲೇ ಅಸಲಿನಿಂದ ಕಡಿಮೆಯಾಗುತ್ತದೆಯೇ? ಬಡ್ಡಿಯನ್ನು ಅಸಲಿಗೆ ಸೇರಿಸುವುದು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ? ತಿಂಗಳಿಗೊಮ್ಮೆ ಸೇರಿಸಿದರೆ ಶೇ 10ರ ಬಡ್ಡಿ ವರ್ಷಕ್ಕೆ 40,000 ಅಲ್ಲ, 41,885 ಆಗುತ್ತದೆ.

ಈ ಲೆಕ್ಕವೆಲ್ಲ ಶೇ 10ರ ಸುತ್ತ ಸಾಲ ಕೊಡುವ ಬ್ಯಾಂಕಿನದು. ಫೈನಾನ್ಸ್ ಕಂಪನಿಗಳ ಕೆಲವು ಯೋಜನೆಗಳಲ್ಲಿ ಬೋರ್ಡಿನ ಮೇಲೆ ಬರೆದ ದರ ತಿಂಗಳು ತಿಂಗಳು ಬಡ್ಡಿ ಕಟ್ಟುವವರಿಗೆ ಮಾತ್ರ. ಎರಡು, ಮೂರು ತಿಂಗಳು ಬಿಟ್ಟರೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇನ್ನು ಗಿರವಿ ಅಂಗಡಿಯಲ್ಲಿ ದರವನ್ನು ಹೇಳುವ ರೀತಿಯೇ ಬೇರೆ. "ನೂರಕ್ಕೆ ಎರಡು ರೂಪಾಯಿ" ಎಂದರೆ ತಿಂಗಳಿಗೆ, ವರ್ಷಕ್ಕೆ ಶೇ 24. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 96,000 ರೂಪಾಯಿ. ಬ್ಯಾಂಕಿನ ವೈಯಕ್ತಿಕ ಸಾಲಕ್ಕೆ ಮೂರು ವರ್ಷದಲ್ಲಿ ಆಗುವ ಖರ್ಚನ್ನು ಅದು ಒಂದೇ ವರ್ಷದಲ್ಲಿ ದಾಟಿಬಿಡುತ್ತದೆ. ಗಿರವಿ ಅಂಗಡಿಗಳು 1961ರ ಕರ್ನಾಟಕದ ಗಿರವಿ ಕಾಯ್ದೆಯ ಪರವಾನಗಿಯಡಿ ನಡೆಯುವಂಥವು. ರಿಸರ್ವ್ ಬ್ಯಾಂಕಿನ ಮೇಲಿನ ನಿರ್ದೇಶನಗಳು ಅವಕ್ಕೆ ಅನ್ವಯಿಸುವುದಿಲ್ಲ.

ಆರು ತಿಂಗಳಲ್ಲಿ ಹಣ ಬರುವುದಿದ್ದರೆ

ಮೇಷ್ಟ್ರ ಮನೆಯ ಅಟ್ಟದ ಮೇಲೆ ಉಂಡೆ ಕೊಬ್ಬರಿಗೆಂದು ಕಾಯಿ ಪೇರಿಸಿಟ್ಟಿದೆ. ಕಾಯೊಳಗಿನ ನೀರು ಇಂಗಿ ಕೊಬ್ಬರಿ ಗಟ್ಟಿಯಾಗಲು ವರ್ಷದ ಹತ್ತಿರ ಹಿಡಿಯುತ್ತದೆ. ಅದು ತಿಪಟೂರಿನ ಮಾರುಕಟ್ಟೆಗೆ ಹೋಗಿ ಹಣವಾಗಲು ಇನ್ನು ಆರು ತಿಂಗಳಿದೆ ಎಂದುಕೊಳ್ಳೋಣ. ಪೂರ್ತಿ ನಾಲ್ಕು ಲಕ್ಷ ಆರು ತಿಂಗಳಲ್ಲಿ ಬರುವುದಾದರೆ ಚರ್ಚೆಯೇ ಇಲ್ಲ. ಚಿನ್ನದ ಸಾಲಕ್ಕೆ ಆರು ತಿಂಗಳ ಬಡ್ಡಿ 20,000, ಶುಲ್ಕ 3,000, ಒಟ್ಟು 23,000 ರೂಪಾಯಿ.

ವೈಯಕ್ತಿಕ ಸಾಲವನ್ನು ಅದೇ ಆರು ತಿಂಗಳಿಗೆ ಮುಗಿಸಲು ಹೋದರೆ? ಆವರೆಗಿನ ಬಡ್ಡಿ 24,500ರಷ್ಟು. ಪ್ರೊಸೆಸಿಂಗ್ ಶುಲ್ಕ 9,440 ಹೇಗೂ ಹೋಗಿದೆ, ವಾಪಸ್ ಬರುವುದಿಲ್ಲ. ಉಳಿದ ಅಸಲು ಸುಮಾರು 3,43,600 ರೂಪಾಯಿ. ಅದರ ಮೇಲೆ ಅವಧಿಗೆ ಮುಂಚೆ ತೀರಿಸುವ ಶುಲ್ಕ ಶೇ 4 ಇದ್ದರೆ ಜಿಎಸ್‌ಟಿ ಸೇರಿ 16,200. ಎಲ್ಲ ಕೂಡಿದರೆ 50,000 ರೂಪಾಯಿ ದಾಟುತ್ತದೆ, ಚಿನ್ನದ ಸಾಲದ ಎರಡರಷ್ಟಕ್ಕಿಂತ ಹೆಚ್ಚು. ಅದೂ ಆರು ತಿಂಗಳಿಗೇ ತೀರಿಸಲು ಬಿಟ್ಟರೆ. ಇಂತಿಷ್ಟು ಕಂತು ಕಟ್ಟುವವರೆಗೆ ಸಾಲ ಮುಚ್ಚುವಂತಿಲ್ಲ ಎಂಬ ಷರತ್ತು ಕೆಲವು ಕಡೆ ಇದೆ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ಮುಂಗಡ ತೀರುವಳಿ ಶುಲ್ಕ ಹಾಕಬಾರದೆಂಬ ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆಯಲ್ಲ ಎಂದು ಕೆಲವರು ನೆನಪಿಸಬಹುದು. ಅದು ಬದಲಾಗುವ ಬಡ್ಡಿ ದರದ, ಅಂದರೆ ಫ್ಲೋಟಿಂಗ್ ದರದ ಸಾಲಗಳಿಗೆ. ವೈಯಕ್ತಿಕ ಸಾಲಗಳು ಹೆಚ್ಚಾಗಿ ಸ್ಥಿರ ದರದವು.

ನಿಜ ಜೀವನದಲ್ಲಿ ಪೂರ್ತಿ ಹಣ ಆರು ತಿಂಗಳಲ್ಲಿ ಬರುವುದು ಅಪರೂಪ. ಕೊಬ್ಬರಿಯಿಂದ, ಮುಯ್ಯಿಯಿಂದ, ಎತ್ತಬೇಕಿರುವ ಚೀಟಿಯಿಂದ ಸೇರಿ ಒಂದೂವರೆ ಲಕ್ಷ ಬರಬಹುದು, ಉಳಿದ ಎರಡೂವರೆ ಲಕ್ಷ ಸಂಬಳದಿಂದಲೇ ತೀರಬೇಕು. ಆಗ ಸಾಲವನ್ನೂ ಹಾಗೇ ಒಡೆಯಬಹುದು. ಬೇಗ ತೀರುವ ಒಂದೂವರೆ ಲಕ್ಷಕ್ಕೆ ಚಿನ್ನದ ಬುಲೆಟ್ ಸಾಲ, ನಿಧಾನಕ್ಕೆ ತೀರುವ ಎರಡೂವರೆ ಲಕ್ಷಕ್ಕೆ ಕಂತಿನ ಸಾಲ.

ಎರಡನ್ನೂ ಚಿನ್ನದ ಮೇಲೇ ಮಾಡಿದರೆ ಒಂದೂವರೆ ಲಕ್ಷದ ಆರು ತಿಂಗಳ ಬಡ್ಡಿ 7,500, ಎರಡೂವರೆ ಲಕ್ಷದ ಮೂರು ವರ್ಷದ ಬಡ್ಡಿ 40,400, ಶುಲ್ಕಗಳು 4,000 ಎಂದುಕೊಂಡರೆ ಒಟ್ಟು 52,000 ರೂಪಾಯಿಯ ಒಳಗೆ ಮುಗಿಯುತ್ತದೆ. ಹೀಗೆ ಮಾಡುವಾಗ ಒಡವೆಗಳನ್ನು ಒಂದೇ ಪ್ಯಾಕೆಟ್ಟಿಗೆ ಹಾಕಿಸದೆ ಎರಡು ಸಾಲ, ಎರಡು ಪ್ಯಾಕೆಟ್ ಮಾಡಿಸುವುದು ಒಳ್ಳೆಯದು. ಮೊದಲ ಸಾಲ ತೀರಿದ ದಿನ ಅದರ ಒಡವೆ ಮನೆಗೆ ಬರುತ್ತದೆ. ಒಂದೇ ಸಾಲವಾಗಿದ್ದರೆ ಮುಕ್ಕಾಲು ಪಾಲು ತೀರಿಸಿದರೂ ಒಂದು ಓಲೆಯೂ ಕೈಗೆ ಸಿಗದೇ ಇರಬಹುದು.

ಎರಡೂವರೆ ಲಕ್ಷವನ್ನು ಶೇ 13ರ ವೈಯಕ್ತಿಕ ಸಾಲವಾಗಿ ತೆಗೆದರೆ ಒಟ್ಟು ಖರ್ಚು 68,000ದ ಆಸುಪಾಸು ಬರುತ್ತದೆ. ಹದಿನಾರು ಸಾವಿರ ಹೆಚ್ಚು. ಅದಕ್ಕೆ ಪ್ರತಿಯಾಗಿ ಅಡವಿಡಬೇಕಾದ್ದು ಸುಮಾರು 20 ಗ್ರಾಂ ಮಾತ್ರ, ಮಿಕ್ಕ ಒಡವೆ ಮನೆಯಲ್ಲೇ. ಮದುವೆಯ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಹುಡುಗಿಯ ತಾಯಿ ಧಾರೆಯ ದಿನ ಹಾಕಿಕೊಳ್ಳಬೇಕಾದ ಸರ, ಮಗಳಿಗೆ ಕೊಡಬೇಕೆಂದು ಎತ್ತಿಟ್ಟ ಬಳೆ, ಇವನ್ನು ಅಡವಿಡಲಾಗದು. 60 ಗ್ರಾಂ ಚಿನ್ನವಿರುವ ಮನೆಯಲ್ಲೂ ಆ ತಿಂಗಳು ನಿಜಕ್ಕೂ ಅಡವಿಗೆ ಸಿಗುವುದು 25 ಗ್ರಾಂ ಇರಬಹುದು. ಎಷ್ಟೋ ಮನೆಗಳಲ್ಲಿ ಯಾವ ಸಾಲ ಎಂಬುದನ್ನು ತೀರ್ಮಾನಿಸುವುದು ಬಡ್ಡಿ ದರಕ್ಕಿಂತ ಮೊದಲು ಈ ಪಟ್ಟಿ.

ತಪ್ಪಿದರೆ ಏನಾಗುತ್ತದೆ

ಎರಡು ಸಾಲಗಳ ಅಪಾಯವೂ ಬೇರೆ ಬೇರೆ. ವೈಯಕ್ತಿಕ ಸಾಲದ ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ, ವಸೂಲಿಯವರ ಫೋನು ಶುರುವಾಗುತ್ತದೆ. ಮುಂದೆ ಮಗನ ಓದಿಗೋ ಮನೆಗೋ ಸಾಲ ಕೇಳಿದಾಗ ಹಳೆಯ ಕಥೆ ಎದುರಿಗೆ ಬರುತ್ತದೆ. ಆದರೆ ಮನೆಯ ವಸ್ತು ತಕ್ಷಣ ಕೈಬಿಡುವುದಿಲ್ಲ.

ಚಿನ್ನದ ಸಾಲದಲ್ಲಿ ಕೊನೆಯ ಹೆಜ್ಜೆ ಹರಾಜು. ಅದಕ್ಕೆ ಮುಂಚೆ ನೋಟಿಸ್ ಕೊಡಬೇಕು, ಕನಿಷ್ಠ ಕೂಗು ಆ ಹೊತ್ತಿನ ಬೆಲೆಯ ಶೇ 90ಕ್ಕಿಂತ ಕಡಿಮೆ ಇರಬಾರದು, ಎರಡು ಸಲ ಹರಾಜು ವಿಫಲವಾದರೆ ಮಾತ್ರ ಶೇ 85. ಬಾಕಿ ಕಳೆದು ಉಳಿದ ಹಣ ಸಾಲಗಾರರಿಗೇ ಸೇರಬೇಕು. ಆದರೆ ಹೋದ ಸರವನ್ನು ಮತ್ತೆ ಮಾಡಿಸಲು ಹೊರಟಾಗ ಮಜೂರಿ, ವೇಸ್ಟೇಜ್, ಜಿಎಸ್‌ಟಿ ಎಲ್ಲವನ್ನೂ ಹೊಸದಾಗಿ ತೆರಬೇಕು. ಬಡ್ಡಿಯ ಪಟ್ಟಿಯಲ್ಲಿ ಕಾಣದ ಖರ್ಚು ಇದು.

ಚಿನ್ನದ ಬೆಲೆ ಯಾವಾಗಲೂ ಏರುತ್ತದೆ ಎಂಬ ನಂಬಿಕೆಯ ಮೇಲೆ ಮಿತಿಯ ಅಂಚಿನವರೆಗೆ ಸಾಲ ತೆಗೆಯುವುದೂ ಅಪಾಯವೇ. 2013ರ ಏಪ್ರಿಲ್‌ನಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಎರಡೇ ದಿನಗಳ ವಹಿವಾಟಿನಲ್ಲಿ ಶೇ 13ರಷ್ಟು ಕುಸಿದಿತ್ತು. ಹಾಗಾದಾಗ ಸಾಲ ಕೊಟ್ಟವರು ವ್ಯತ್ಯಾಸದ ಹಣ ಕಟ್ಟಿ ಅಥವಾ ಇನ್ನಷ್ಟು ಒಡವೆ ತನ್ನಿ ಎಂದು ಕೇಳಬಹುದು. ಕಂತಿನ ಸಾಲದಲ್ಲಿ ಅಸಲು ಇಳಿಯುತ್ತಾ ಹೋಗುವುದರಿಂದ ಈ ಪೇಚು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತದೆ. ಬುಲೆಟ್ ಸಾಲದಲ್ಲಿ ವರ್ಷದ ಕೊನೆಯವರೆಗೂ ಬಡ್ಡಿ ಸೇರಿ ಅದು ಹೆಚ್ಚುತ್ತದೆ.

ಸಹಿಗೆ ಮುಂಚೆ, ತೀರಿಸಿದ ಮೇಲೆ

2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಸಂಕ್ಷಿಪ್ತ ವಿವರಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಸಹಿಗೆ ಮುಂಚೆ ಕೊಡಬೇಕೆಂಬ ನಿಯಮವಿದೆ. ಅದರಲ್ಲಿ ಎಪಿಆರ್ ಎಂಬ ಸಾಲು ಇರುತ್ತದೆ. ಬಡ್ಡಿಯ ಜೊತೆ ಪ್ರೊಸೆಸಿಂಗ್ ಮುಂತಾದ ಶುಲ್ಕಗಳನ್ನೂ ಸೇರಿಸಿ ಕಟ್ಟಿದ ವಾರ್ಷಿಕ ದರ ಅದು. ಶೇ 13 ಎಂದು ಹೇಳಿದ ಸಾಲ ಶೇ 14.7 ಎಂದು ಕಾಣಿಸಿಕೊಳ್ಳುವುದು ಅಲ್ಲೇ. ಎರಡು ಬ್ಯಾಂಕುಗಳನ್ನು ಹೋಲಿಸಲು ಈ ಸಾಲು ಸಾಕು. ಆದರೆ ಬುಲೆಟ್ ಸಾಲವನ್ನೂ ಕಂತಿನ ಸಾಲವನ್ನೂ ಹೋಲಿಸುವಾಗ ಎಪಿಆರ್ ಒಂದನ್ನೇ ನೋಡಿದರೆ ಲೆಕ್ಕ ಮತ್ತೆ ತಪ್ಪುತ್ತದೆ. ಅದೇ ಪತ್ರದ ಜೊತೆಗಿರುವ ಮರುಪಾವತಿ ಪಟ್ಟಿಯಲ್ಲಿ ಒಟ್ಟು ಬಡ್ಡಿ ಎಷ್ಟು ರೂಪಾಯಿ ಎಂದು ನೋಡಿ, ಸಾಲ ನಿಜಕ್ಕೂ ಎಷ್ಟು ವರ್ಷ ಉಳಿಯುತ್ತದೆ ಎಂಬ ಅಂದಾಜಿನಿಂದ ಗುಣಿಸಬೇಕು.

ಎರಡೂವರೆ ಲಕ್ಷ ದಾಟಿದ ಚಿನ್ನದ ಸಾಲಕ್ಕೆ ಒಡವೆಯ ಜೊತೆ ತೀರಿಸುವ ಶಕ್ತಿಯನ್ನೂ ಅಳೆಯಬೇಕೆಂದು ಹೊಸ ನಿರ್ದೇಶನ ಹೇಳುವುದರಿಂದ ಸಂಬಳದ ಚೀಟಿಯನ್ನು ಅಲ್ಲಿಗೂ ಒಯ್ಯುವುದು ಒಳ್ಳೆಯದು. ಒಡವೆ ಕೊಟ್ಟಾಗ ಪ್ರತಿ ವಸ್ತುವಿನ ಹೆಸರು, ಒಟ್ಟು ತೂಕ, ಕಳೆದ ತೂಕ, ನಿವ್ವಳ ತೂಕ, ಶುದ್ಧತೆ ಬರೆದ ಚೀಟಿ ಪಡೆಯಬೇಕು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಸಾಲ ತೀರಿದ ದಿನವೇ, ತಡವಾದರೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸ್ ಕೊಡಬೇಕು. ತಮ್ಮ ಕಾರಣದಿಂದ ತಡಮಾಡಿದರೆ ಸಾಲ ಕೊಟ್ಟವರು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಬಿಡಿಸಿಕೊಳ್ಳುವಾಗ ಪ್ಯಾಕೆಟ್ಟಿನ ಸೀಲು ಎದುರಿಗೇ ಒಡೆಸಿ, ಆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತೂಗಿಸಿ, ಆಮೇಲೆ ಸಹಿ ಹಾಕಬೇಕು. ವೈಯಕ್ತಿಕ ಸಾಲವಾದರೆ ಕೊನೆಯ ಕಂತಿನ ನಂತರ ಬಾಕಿಯಿಲ್ಲವೆಂಬ ಪತ್ರ ಪಡೆದು, ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿಯಲ್ಲಿ ಆ ಖಾತೆ ಮುಚ್ಚಿದೆ ಎಂದು ಬಂದಿದೆಯೇ ನೋಡಿಕೊಳ್ಳಬೇಕು. ಆ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ.